ಪಾಠದ ವಿಡಿಯೊಗಳ ಸಂಕೋಚನದಲ್ಲಿ ಸಿಆರ್‌ಎಫ್ ಮತ್ತು ಗುರಿ ಬಿಟ್‌ರೇಟ್

ಸಿಆರ್‌ಎಫ್ (ಕಾನ್‌ಸ್ಟಂಟ್ ರೇಟ್ ಫ್ಯಾಕ್ಟರ್) ಮತ್ತು ಗುರಿ ಬಿಟ್‌ರೇಟ್ ಎಂಬುವು ವಿಡಿಯೊ ಕಡತವನ್ನು ಕುಗ್ಗಿಸುವಾಗ ಎನ್‌ಕೋಡರ್ ತಂತ್ರಾಂಶಕ್ಕೆ ನೀಡಬಹುದಾದ ಎರಡು ಬಗೆಯ ಸೂಚನೆಗಳು. ಸಿಆರ್‌ಎಫ್ ವಿಧಾನದಲ್ಲಿ ಚಿತ್ರದ ಗುಣಮಟ್ಟವನ್ನು ನಿಗದಿಪಡಿಸಲಾಗುತ್ತದೆ. ಕಡತದ ಗಾತ್ರ ಎಷ್ಟಾಗುವುದೆಂದು ಮೊದಲೇ ತಿಳಿಯುವುದಿಲ್ಲ. ಗುರಿ ಬಿಟ್‌ರೇಟ್ ವಿಧಾನದಲ್ಲಿ ಗಾತ್ರ ನಿಗದಿಯಾಗಿರುತ್ತದೆ. ಅಷ್ಟರಲ್ಲಿ ಎಷ್ಟು ಗುಣಮಟ್ಟ ದೊರೆಯುವುದೆಂಬುದು ಮುಗಿದ ಮೇಲೆಯೇ ತಿಳಿಯುತ್ತದೆ. ಈ ಲೇಖನವು ಎಚ್.264 ಮಾದರಿಯ `x264` ಎನ್‌ಕೋಡರನ್ನು ಆಧರಿಸಿದೆ.

## ಹಿನ್ನೆಲೆ

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ಕೃಷ್ಣಾ ತೀರದ ಈ ಭಾಗದಲ್ಲಿ ಊರಿನಿಂದ ದೂರವಾಗಿ, ಕಬ್ಬಿನ ಹೊಲಗಳ ನಡುವಿನ ತೋಟದ ವಸತಿಗಳಲ್ಲಿ ನೆಲೆಸಿರುವ ಕುಟುಂಬಗಳು ಬಹಳ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ದೂರದರ್ಶನದ ಚಂದನ ವಾಹಿನಿಯು ರಾಜ್ಯದ ವಿದ್ಯಾರ್ಥಿಗಳಿಗೆ ಪಾಠಗಳನ್ನು ಪ್ರಸಾರ ಮಾಡಿತು. ಆದರೆ ತಮ್ಮದೇ ಶಿಕ್ಷಕರು ತಮ್ಮದೇ ಕರಿಹಲಗೆಯ ಮುಂದೆ ಮಾಡಿದ ಪಾಠ ವಿದ್ಯಾರ್ಥಿಗಳನ್ನು ತಲುಪಬೇಕಾದರೆ ಅದು ಮೊಬೈಲ್ ಡೇಟಾದ ಮೂಲಕವೇ ಸಾಗಬೇಕು.

ಮೊಬೈಲಿನಲ್ಲಿ 1080 ಗೆರೆಗಳ ಗುಣಮಟ್ಟದಲ್ಲಿ ಚಿತ್ರೀಕರಿಸಿದ ವಿಡಿಯೊ ಸೆಕೆಂಡಿಗೆ ಸುಮಾರು 17 ಮೆಗಾಬಿಟ್ ಬಳಸಿದರೆ, 45 ನಿಮಿಷದ ಪಾಠ 5.7 ಜಿಬಿಯಷ್ಟಾಗುತ್ತದೆ. ದಿನಕ್ಕೆ 1.5 ಜಿಬಿ ಡೇಟಾ ಇರುವವರಿಗೆ ಅದು ಸುಮಾರು ನಾಲ್ಕು ದಿನಗಳ ಪಾಲು. ಅದನ್ನೇ 100 ಎಂಬಿಗೆ ಇಳಿಸಿದರೆ, ಸೆಕೆಂಡಿಗೆ 1 ಮೆಗಾಬಿಟ್ ವೇಗದಲ್ಲಿ 13 ನಿಮಿಷ ಚಿಲ್ಲರೆಯಲ್ಲಿ ಇಳಿಸಿಕೊಳ್ಳಬಹುದು. ದಿನದ ಡೇಟಾ ಮುಗಿದು ವೇಗ 64 ಕಿಲೋಬಿಟ್‌ಗೆ ಕುಸಿದಿದ್ದರೆ ಮಾತ್ರ ಅದೇ 100 ಎಂಬಿಗೆ ಮೂರೂವರೆ ಗಂಟೆ ಹಿಡಿಯುತ್ತದೆ.

## ಸಿಆರ್‌ಎಫ್ ಕೆಲಸ ಮಾಡುವ ಬಗೆ

ಎನ್‌ಕೋಡರ್ ಪ್ರತಿ ಫ್ರೇಮನ್ನು ಸಣ್ಣ ಚೌಕಗಳಾಗಿ ಒಡೆದು, ಅವುಗಳ ಸೂಕ್ಷ್ಮ ವಿವರಗಳನ್ನು ಒಂದು ಅಳತೆಗೆ ಸರಿಹೊಂದುವಂತೆ ದುಂಡಾಗಿಸುತ್ತದೆ. ಅಳತೆ ಒರಟಾದಷ್ಟೂ ಬಿಟ್‌ಗಳು ಉಳಿಯುತ್ತವೆ, ವಿವರ ಅಳಿಯುತ್ತದೆ. ಸಿಆರ್‌ಎಫ್ ಸಂಖ್ಯೆಯು ಈ ಒರಟುತನದ ಸರಾಸರಿ ಮಟ್ಟವನ್ನು ಸೂಚಿಸುತ್ತದೆ. ಸಂಖ್ಯೆ 0ಯಿಂದ 51ರವರೆಗೆ ಇರಬಹುದು; ಏನೂ ಹೇಳದಿದ್ದರೆ `x264` 23 ಎಂದು ಭಾವಿಸುತ್ತದೆ. ಸಂಖ್ಯೆ ಹೆಚ್ಚಿದಷ್ಟೂ ಕಡತ ಚಿಕ್ಕದಾಗುತ್ತದೆ. ವೇಗವಾಗಿ ಚಲಿಸುವ ಭಾಗದ ವಿವರವನ್ನು ಕಣ್ಣು ಅಷ್ಟಾಗಿ ಗಮನಿಸುವುದಿಲ್ಲವಾದ್ದರಿಂದ, ಅಲ್ಲಿ ಉಳಿಸಿದ್ದನ್ನು ಎನ್‌ಕೋಡರ್ ಬಹುಹೊತ್ತು ಕದಲದೆ ಉಳಿಯುವ ಭಾಗಗಳಿಗೆ ಕೊಡುತ್ತದೆ. ಹಲಗೆಯ ಮೇಲಿನ ಬರಹವು ಇಂತಹುದೇ ಭಾಗವಾದ್ದರಿಂದ ಪಾಠದ ವಿಡಿಯೊಗಳಿಗೆ ಈ ವಿಧಾನ ಸಹಜವಾಗಿ ಒಗ್ಗುತ್ತದೆ.

ಒಂದೇ ಸಂಖ್ಯೆ ಕೊಟ್ಟರೂ ಎಲ್ಲ ಪಾಠಗಳ ಗಾತ್ರ ಒಂದೇ ಆಗುವುದಿಲ್ಲ. ಕಂಪ್ಯೂಟರ್ ಪರದೆಯ ಸ್ಲೈಡುಗಳ ಪಾಠ ಬಹಳ ಚಿಕ್ಕದಾಗಬಹುದು. ಮಂದ ಬೆಳಕಿನ ಕೊಠಡಿಯಲ್ಲಿ ಮೊಬೈಲನ್ನು ಕೈಯಲ್ಲಿ ಹಿಡಿದು ತೆಗೆದ ಪಾಠ ಅದರ ಹಲವು ಪಟ್ಟು ಆಗಬಹುದು. ಕೈ ನಡುಗಿದಾಗ ಇಡೀ ಹಲಗೆಯೇ ಚಲಿಸಿದಂತಾಗುತ್ತದೆ. ಮಂದ ಬೆಳಕಿನಲ್ಲಿ ಏಳುವ ಚುಕ್ಕಿಗಳನ್ನೂ ಎನ್‌ಕೋಡರ್ ವಿವರವೆಂದೇ ತಿಳಿದು ಬಿಟ್‌ಗಳನ್ನು ಸುರಿಯುತ್ತದೆ. ಮೊಬೈಲನ್ನು ಬೆಂಚಿನ ಮೇಲೆ ಅಲುಗಾಡದಂತೆ ನಿಲ್ಲಿಸಿ ಕಿಟಕಿ ತೆರೆಯುವುದರಿಂದ ಆಗುವ ಉಳಿತಾಯ ಸಂಖ್ಯೆಯನ್ನು ತಿದ್ದುವುದರಿಂದ ಆಗುವುದಕ್ಕಿಂತ ಹೆಚ್ಚಿರುವುದುಂಟು.

## ಒಂದು ಉದಾಹರಣೆ

45 ನಿಮಿಷದ ರಸಾಯನಶಾಸ್ತ್ರ ಪಾಠವೊಂದನ್ನು 100 ಎಂಬಿಯ ಆಸುಪಾಸಿಗೆ ತರಬೇಕೆಂದು ಭಾವಿಸೋಣ. ಇಲ್ಲಿ ಉಳಿಯಲೇಬೇಕಾದದ್ದು ಸಮೀಕರಣಗಳಲ್ಲಿ ಅಕ್ಷರದ ಕೆಳಗೆ ಬರೆಯುವ ಸಣ್ಣ ಅಂಕಿಗಳು. ಆದ್ದರಿಂದ ಎತ್ತರವನ್ನು 720 ಗೆರೆಗಳಿಗಿಂತ ಇಳಿಸದೆ, ಫ್ರೇಮುಗಳನ್ನು ಸೆಕೆಂಡಿಗೆ 15ಕ್ಕೆ ತಗ್ಗಿಸುವುದು ಸೂಕ್ತ. ಮೊದಲು ಹಲಗೆ ತುಂಬಿರುವ ನಡುಭಾಗದಿಂದ ಎರಡು ನಿಮಿಷದ ತುಣುಕನ್ನು ಪರೀಕ್ಷಿಸಬೇಕು:

```
ffmpeg -ss 00:20:00 -t 120 -i patha.mp4 \
  -vf "scale=-2:720,fps=15" -c:v libx264 \
  -preset slow -crf 26 -c:a aac -ac 1 -b:a 48k tunuku.mp4
```

ತುಣುಕು 6 ಎಂಬಿ ಬಂದಿತೆಂದುಕೊಂಡರೆ, ಇಪ್ಪತ್ತೆರಡೂವರೆ ಪಟ್ಟು ಉದ್ದದ ಇಡೀ ಪಾಠ ಸುಮಾರು 135 ಎಂಬಿ ಆಗುತ್ತದೆ. ಸಿಆರ್‌ಎಫ್ ಸಂಖ್ಯೆಯನ್ನು 6 ಏರಿಸಿದರೆ ವಿಡಿಯೊದ ಬಿಟ್‌ರೇಟ್ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ, 3 ಏರಿಸಿದರೆ ಶೇಕಡಾ 70ರಷ್ಟಕ್ಕೆ ಬರುತ್ತದೆ. ಆದರೆ ಧ್ವನಿಯ ಪಾಲು ಇದರಿಂದ ಕುಗ್ಗುವುದಿಲ್ಲ. ಸೆಕೆಂಡಿಗೆ 48 ಕಿಲೋಬಿಟ್‌ನಂತೆ 45 ನಿಮಿಷದ ಧ್ವನಿಯೇ 16 ಎಂಬಿ. ಉಳಿದ 119 ಎಂಬಿ ಸುಮಾರು 84ಕ್ಕಿಳಿದು, ಸಿಆರ್‌ಎಫ್ 29ರಲ್ಲಿ ಒಟ್ಟು ಗಾತ್ರ 100 ಎಂಬಿಗೆ ಬಂದು ನಿಲ್ಲುತ್ತದೆ. ಇದು ಅಂದಾಜು ಮಾತ್ರ. 29ರಲ್ಲಿ ಮತ್ತೊಮ್ಮೆ ತುಣುಕು ಮಾಡಿ, ಅದನ್ನು ಕಂಪ್ಯೂಟರಿನಲ್ಲಲ್ಲ, ಸಣ್ಣ ಮೊಬೈಲಿನಲ್ಲಿ ನೋಡಬೇಕು. ಸಣ್ಣ ಅಂಕಿಗಳು ಓದಲು ಬಂದರೆ ಸಾಕು.

## ಗುರಿ ಬಿಟ್‌ರೇಟ್ ಬೇಕಾಗುವ ಸಂದರ್ಭ

ಕಡತವು 100 ಎಂಬಿಯನ್ನು ಮೀರಲೇಬಾರದೆಂಬ ಮಿತಿಯಿದ್ದರೆ ಮೇಲಿನ ಅಂದಾಜು ಸಾಲದು. ಆಗ ಗಾತ್ರದಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. 100 ಎಂಬಿ ಎಂದರೆ 8,00,000 ಕಿಲೋಬಿಟ್. ಅದನ್ನು 2,700 ಸೆಕೆಂಡುಗಳಿಗೆ ಹಂಚಿದರೆ 296 ಬರುತ್ತದೆ. ಧ್ವನಿಗೆ 48 ತೆಗೆದು, ಕಡತದ ಕಟ್ಟಿಗೆ ಸ್ವಲ್ಪ ಬಿಟ್ಟು, ವಿಡಿಯೊಗೆ 240 ಎಂದಿಟ್ಟುಕೊಂಡರೆ ಕಡತ 97 ಎಂಬಿ ಆಸುಪಾಸಿನಲ್ಲಿರುತ್ತದೆ.

ಇದನ್ನು ಒಂದೇ ಸುತ್ತಿನಲ್ಲಿ ಮಾಡಿದರೆ ಮುಂದೆ ಏನಿದೆಯೆಂದು ಎನ್‌ಕೋಡರಿಗೆ ತಿಳಿದಿರುವುದಿಲ್ಲ. ಶಿಕ್ಷಕರು ಮೊದಲ ಹತ್ತು ನಿಮಿಷ ನಿಂತು ಮಾತನಾಡುವಾಗ ಬಿಟ್‌ಗಳು ಧಾರಾಳವಾಗಿ ಖರ್ಚಾಗಿ, ಸಮೀಕರಣ ಬರೆಯುವ ಹೊತ್ತಿಗೆ ಕೈ ಬಿಗಿಯಾಗಬಹುದು. ಹಲಗೆ ಒರೆಸಿದ ಮೇಲೂ ಹಳೆಯ ಬರಹದ ನೆರಳು ಉಳಿಯುವುದು, ಹೊಸ ಅಕ್ಷರಗಳು ಕೆಲವು ಕ್ಷಣ ಚೌಕಚೌಕವಾಗಿ ಕಾಣುವುದು ಇದರ ಗುರುತು. ಆದ್ದರಿಂದ ಎರಡು ಸುತ್ತು ಅಗತ್ಯ. ಮೊದಲ ಸುತ್ತಿನಲ್ಲಿ ಪಾಠದ ಯಾವ ಭಾಗ ಎಷ್ಟು ಕಷ್ಟವೆಂದು ಅಳೆಯಲಾಗುತ್ತದೆ, ಎರಡನೆಯದರಲ್ಲಿ ಬಿಟ್‌ಗಳು ಹಂಚಿಕೆಯಾಗುತ್ತವೆ:

```
ffmpeg -y -i patha.mp4 -vf "scale=-2:720,fps=15" \
  -c:v libx264 -preset slow -b:v 240k -pass 1 -an -f null /dev/null
ffmpeg -i patha.mp4 -vf "scale=-2:720,fps=15" \
  -c:v libx264 -preset slow -b:v 240k -pass 2 \
  -c:a aac -ac 1 -b:a 48k -movflags +faststart patha-100.mp4
```

ವಿಂಡೋಸ್‌ನಲ್ಲಿ `/dev/null` ಬದಲು `NUL` ಎಂದು ಬರೆದು, ಸಾಲಿನ ಕೊನೆಯ `\` ತೆಗೆದು ಪ್ರತಿ ಆಜ್ಞೆಯನ್ನು ಒಂದೇ ಸಾಲಿನಲ್ಲಿ ಬರೆಯಬೇಕು. ಮೊದಲ ಸುತ್ತಿನ ಅಳತೆ `ffmpeg2pass-0.log` ಎಂಬ ಕಡತದಲ್ಲಿ ಉಳಿಯುತ್ತದೆ. ಒಂದೇ ಫೋಲ್ಡರಿನಲ್ಲಿ ಎರಡು ಪಾಠಗಳನ್ನು ಒಟ್ಟಿಗೆ ಕುಗ್ಗಿಸಲು ಹೋದರೆ ಒಂದರ ಅಳತೆಯ ಮೇಲೆ ಇನ್ನೊಂದರದ್ದು ಬರೆದುಹೋಗಿ, ಎರಡನೆಯ ಸುತ್ತು ಕೆಡುತ್ತದೆ.

ಎರಡು ಸುತ್ತಿನ ವಿಧಾನವೇ ಹೆಚ್ಚು ಗುಣಮಟ್ಟದ್ದೆಂಬ ನಂಬಿಕೆ ಸರಿಯಲ್ಲ. ಒಂದೇ ಎನ್‌ಕೋಡರಿನಲ್ಲಿ, ಉಳಿದ ಆಯ್ಕೆಗಳೂ ಒಂದೇ ಇದ್ದು ಗಾತ್ರವೂ ಒಂದೇ ಬಂದರೆ, ಸಿಆರ್‌ಎಫ್ ಮತ್ತು ಎರಡು ಸುತ್ತಿನ ಫಲಿತಾಂಶಗಳಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ ಬಹುಮಟ್ಟಿಗೆ ಇರುವುದಿಲ್ಲ. ಗಟ್ಟಿ ಮಿತಿ ಇಲ್ಲದಿದ್ದರೆ ಎರಡನೆಯ ಸುತ್ತಿನ ಸಮಯ ವ್ಯರ್ಥವೇ ಸರಿ. ಅಷ್ಟೇ ಅಲ್ಲ, ಸುಲಭವಾಗಿ 40 ಎಂಬಿಗೆ ಇಳಿಯಬಹುದಾಗಿದ್ದ ಸ್ಲೈಡಿನ ಪಾಠವನ್ನೂ ಗುರಿ ಬಿಟ್‌ರೇಟ್ 97 ಎಂಬಿಯತ್ತ ಎಳೆಯುತ್ತದೆ. ಆ ಹೆಚ್ಚುವರಿ ಡೇಟಾ ಪ್ರತಿ ವಿದ್ಯಾರ್ಥಿಯ ಪಾಲಿನಿಂದ ಹೋಗುತ್ತದೆ.

## ಕಳುಹಿಸುವಾಗ

ಹೀಗೆ ಸಿದ್ಧಪಡಿಸಿದ ಕಡತವನ್ನು ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಎಂದು ಕಳುಹಿಸಿದರೆ ಅದು ಮತ್ತೊಮ್ಮೆ ಸಂಕೋಚನಕ್ಕೆ ಒಳಗಾಗಬಹುದು. ಆಗ ಆಯ್ದುಕೊಂಡ ಸಿಆರ್‌ಎಫ್‌ಗೂ ಬಿಟ್‌ರೇಟ್‌ಗೂ ಅರ್ಥ ಉಳಿಯುವುದಿಲ್ಲ. ಡಾಕ್ಯುಮೆಂಟ್ ಎಂದು ಲಗತ್ತಿಸಿದರೆ ಕಡತ ಇದ್ದಂತೆಯೇ ತಲುಪುತ್ತದೆ. ತಲುಪಿದ ಕಡತದ ಗಾತ್ರವನ್ನು ಮೂಲದ ಗಾತ್ರದೊಂದಿಗೆ ಹೋಲಿಸಿ ಇದನ್ನು ಖಚಿತಪಡಿಸಿಕೊಳ್ಳಬಹುದು.