ಒಂದು ಮಾದರಿ, ಒಂದೇ ಆಯ್ಕೆ: ಆಂತರಿಕ ಮಾದರಿ ನಿಯಂತ್ರಣ

ಆಂತರಿಕ ಮಾದರಿ ನಿಯಂತ್ರಣದಲ್ಲಿ ಪ್ರಕ್ರಿಯೆಯ ಗಣಿತ ಮಾದರಿ ನಿಯಂತ್ರಕದ ಒಳಗೇ ಇರುತ್ತದೆ. ನಿಜವಾದ ಅಳತೆಗೂ ಮಾದರಿಯ ಲೆಕ್ಕಕ್ಕೂ ಇರುವ ವ್ಯತ್ಯಾಸ ಮಾತ್ರ ಹಿಂದಕ್ಕೆ ಬರುತ್ತದೆ. ಮಾದರಿಯನ್ನು ತಿರುವು ಮುರುವು ಮಾಡಿದರೆ ನಿಯಂತ್ರಕ ಸಿಗುತ್ತದೆ. ಆದರೆ ವಿಳಂಬವನ್ನು ಹಾಗೆ ತಿರುಗಿಸಲಾಗದು. ಅದನ್ನು ಬಿಟ್ಟು, ಉಳಿದ ಭಾಗಕ್ಕೆ ಒಂದು ಫಿಲ್ಟರ್ ಜೋಡಿಸುತ್ತಾರೆ. ಅದರ ಕಾಲಾವಧಿ λ ಒಂದನ್ನೇ ಎಂಜಿನಿಯರ್ ಆರಿಸಬೇಕು. ಈ ರಚನೆ ಸಾಮಾನ್ಯ ಪಿಐಡಿ ನಿಯಂತ್ರಕವಾಗಿ ಹೇಗೆ ಮಾರ್ಪಡುತ್ತದೆ ಎಂಬುದನ್ನು ರಿವೇರಾ, ಮೊರಾರಿ ಮತ್ತು ಸ್ಕೋಗೆಸ್ಟಾಡ್ 1986ರಲ್ಲಿ ತೋರಿಸಿದರು.

ಹಬೆಯಿಂದ ನೀರು ಕಾಯಿಸುವ ತೊಟ್ಟಿಯೊಂದನ್ನು ತೆಗೆದುಕೊಳ್ಳೋಣ. ಹಬೆಯ ವಾಲ್ವನ್ನು 10% ಹೆಚ್ಚು ತೆರೆದಾಗ ಮೊದಲ 20 ಸೆಕೆಂಡು ಏನೂ ಆಗುವುದಿಲ್ಲ. ಆಮೇಲೆ ಉಷ್ಣತೆ ನಿಧಾನವಾಗಿ ಏರಿ, 8 ಡಿಗ್ರಿ ಹೆಚ್ಚಾಗಿ ನಿಲ್ಲುತ್ತದೆ. ಏರಿಕೆ ಶುರುವಾದ ಮೇಲೆ ಅದರ 63% ಮುಗಿಯಲು 120 ಸೆಕೆಂಡು ಬೇಕು. ಹಾಗಾಗಿ ಗಳಿಕೆ K = 0.8, ವಿಳಂಬ θ = 20, ಕಾಲಾಂಕ τ = 120. ಪಿಐ ನಿಯಂತ್ರಕದ ಸೂತ್ರ ಹೀಗಿದೆ:

```
Kc = τ / (K(λ + θ)),  τI = τ
```

λ = 60 ಎಂದರೆ Kc ಸುಮಾರು 1.9, ಸಮಾಕಲನ ಕಾಲ τI 120 ಸೆಕೆಂಡು. λ ಅನ್ನು 20ಕ್ಕೆ ಇಳಿಸಿದರೆ Kc 3.75 ಆಗುತ್ತದೆ, ಉಷ್ಣತೆ ಬೇಗ ಗುರಿ ಮುಟ್ಟುತ್ತದೆ. ಆದರೆ ನಿಜವಾದ ವಿಳಂಬ ಮಾದರಿಯಲ್ಲಿರುವುದಕ್ಕಿಂತ ಹೆಚ್ಚಿದ್ದರೆ ಉಷ್ಣತೆ ಗುರಿಯ ಆಚೀಚೆ ಓಲಾಡತೊಡಗುತ್ತದೆ. ಆಗ λ ಹೆಚ್ಚಿಸಬೇಕು.

τ ತುಂಬಾ ದೊಡ್ಡದಿರುವ ಪ್ರಕ್ರಿಯೆಗಳಲ್ಲಿ ಇನ್ನೊಂದು ತೊಡಕಿದೆ. ಒಳಬರುವ ನೀರು ಏಕಾಏಕಿ ತಣ್ಣಗಾದಂಥ ಅಡಚಣೆಯಿಂದ ಚೇತರಿಸಿಕೊಳ್ಳುವುದು ಬಹಳ ನಿಧಾನವಾಗುತ್ತದೆ. ಅದಕ್ಕೆ ಸ್ಕೋಗೆಸ್ಟಾಡ್ ಸೂಚಿಸಿದ ಪರಿಹಾರವೆಂದರೆ τI ಅನ್ನು 4(λ + θ) ಮೀರದಂತೆ ಮಿತಗೊಳಿಸುವುದು.