ಏಪ್ರಿಲ್‌ವರೆಗೆ ಕಾಯದ ಒಂದು ಪತ್ರ

ಸರ್ಕಾರಿ ಕಚೇರಿಯಲ್ಲಿ ಒಂದು ಹುದ್ದೆ ಖಾಲಿಯಾದರೆ ಇನ್ನೊಬ್ಬರಿಗೆ ‘ಹೆಚ್ಚುವರಿ ಪ್ರಭಾರ’ ವಹಿಸಿ ಲಿಖಿತ ಆದೇಶ ಹೊರಡುತ್ತದೆ. ಪ್ರಭಾರ ಭತ್ಯೆ ಕೊಡುವುದಕ್ಕೂ ಸೇವಾ ನಿಯಮಗಳಲ್ಲಿ ಅವಕಾಶವಿದೆ. ಖಾಸಗಿ ಕಂಪನಿಯಲ್ಲಿ ಅಂಥದ್ದೇನೂ ಇಲ್ಲ. ಮ್ಯಾನೇಜರ್ ಕೆಲಸ ಬಿಟ್ಟ ಮರುದಿನ ಮೇಲಿನವರು ಕರೆದು, ‘ಹೊಸಬರು ಬರೋವರೆಗೂ ಸ್ಟೋರ್ಸ್ ಕೂಡ ನೀವೇ ನೋಡ್ಕೊಳ್ಳಿ’ ಅನ್ನುತ್ತಾರೆ. ಹೊಸಬರು ಬರುವುದಿಲ್ಲ. ಆರು ತಿಂಗಳು ಕಳೆದ ಮೇಲೆ ನೋಡಿದರೆ ಹುದ್ದೆಯ ಹೆಸರೂ ಹಳೆಯದೇ, ಸಂಬಳವೂ ಹಳೆಯದೇ, ಕೆಲಸ ಮಾತ್ರ ಇಬ್ಬರದು.

ಕೇಳಿದರೆ ಸಿಗುವ ಉತ್ತರ ಗೊತ್ತಿದ್ದದ್ದೇ: ‘ಏಪ್ರಿಲ್‌ನಲ್ಲಿ ಅಪ್ರೈಸಲ್ ಇದೆಯಲ್ಲ, ಆಗ ನೋಡೋಣ.’ ಇದು ಬರೀ ನೆಪವಲ್ಲ. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಲೆಕ್ಕ ಇಡುವ ಕಂಪನಿಗಳು ಸಂಬಳದ ಬಜೆಟ್ಟನ್ನು ವರ್ಷದ ಆರಂಭದಲ್ಲೇ ಕಟ್ಟಿಬಿಟ್ಟಿರುತ್ತವೆ. ನಡುವೆ ಯಾರಿಗಾದರೂ ಹೆಚ್ಚು ಕೊಡಬೇಕಾದರೆ ಮ್ಯಾನೇಜರ್ ಒಬ್ಬರೇ ತೀರ್ಮಾನಿಸುವಂತಿಲ್ಲ. ಎಚ್‌ಆರ್ ಒಪ್ಪಬೇಕು, ಫೈನಾನ್ಸ್‌ನವರು ದುಡ್ಡು ಎಲ್ಲಿದೆ ಎಂದು ತೋರಿಸಬೇಕು, ಸಣ್ಣ ಕಂಪನಿಯಾದರೆ ಮಾಲೀಕರೇ ಸಹಿ ಹಾಕಬೇಕು. ಅಂದರೆ ನೀವು ಮ್ಯಾನೇಜರ್‌ಗೆ ಬರೆದ ಪತ್ರವನ್ನು ಕೊನೆಗೆ ಓದುವವರು ನಿಮ್ಮ ಮುಖವನ್ನೂ ನೋಡಿರದ ಇಬ್ಬರು ಮೂವರು. ಆ ಕೋಣೆಯಲ್ಲಿ ನೀವು ಇರುವುದಿಲ್ಲ. ಮ್ಯಾನೇಜರ್ ಬೇರೇನೂ ಸೇರಿಸದೆ ಹಾಗೇ ಮುಂದಕ್ಕೆ ಕಳಿಸಬಹುದಾದ ಪತ್ರವೇ ಇಲ್ಲಿ ಕೆಲಸಕ್ಕೆ ಬರುವುದು.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಪೀಣ್ಯದ ಕಡೆ ಯಂತ್ರದ ಬಿಡಿಭಾಗ ತಯಾರಿಸುವ ಒಂದು ಮಧ್ಯಮ ಗಾತ್ರದ ಕಾರ್ಖಾನೆ. ಡಿಸ್‌ಪ್ಯಾಚ್ ವಿಭಾಗದಲ್ಲಿ ಸೀನಿಯರ್ ಎಕ್ಸಿಕ್ಯುಟಿವ್ ಆಗಿರುವ ಹೆಣ್ಣುಮಗಳೊಬ್ಬಳಿಗೆ ತಿಂಗಳಿಗೆ 45 ಸಾವಿರ ರೂಪಾಯಿ ಸಂಬಳ. ಮಾರ್ಚ್ ಕೊನೆಗೆ ಸ್ಟೋರ್ಸ್ ಮ್ಯಾನೇಜರ್ ಬಿಟ್ಟುಹೋದರು. ಏಪ್ರಿಲ್‌ನಿಂದ ಸ್ಟೋರ್ಸ್ ಕೂಡ ಇವಳ ತಲೆಗೆ ಬಂತು. ಈಗ ಅಕ್ಟೋಬರ್. ಅವಳು ಮೊದಲ ಸಲ ಬರೆದ ಕರಡಿನಲ್ಲಿ ಏನಿದ್ದೀತು ಎಂದು ಊಹಿಸುವುದು ಕಷ್ಟವಲ್ಲ: ರಾತ್ರಿ ಎಂಟಾದರೂ ಮನೆಗೆ ಹೋಗಲಾಗುತ್ತಿಲ್ಲ, ಭಾನುವಾರವೂ ಫೋನು ಬಿಡುವುದಿಲ್ಲ, ಮನೆ ಬಾಡಿಗೆ ಏರಿದೆ, ಮಗುವಿನ ಶಾಲೆ ಫೀಸು ಕಟ್ಟಬೇಕು, ಪಕ್ಕದ ವಿಭಾಗದವರಿಗೆ ಇಷ್ಟು ಸಿಗುತ್ತಿದೆಯಂತೆ. ಎಲ್ಲವೂ ನಿಜವೇ. ಆದರೆ ಫೈನಾನ್ಸ್‌ನವರು ಇದನ್ನು ಓದಿ ಮಾಡಬಹುದಾದದ್ದು ಏನೂ ಇಲ್ಲ. ಬಾಡಿಗೆ ಎಲ್ಲರಿಗೂ ಏರಿದೆ. ಹೊತ್ತು ಮೀರಿ ದುಡಿಯುತ್ತಿದ್ದೇನೆ ಎಂದರೆ ‘ಒಬ್ಬ ಸಹಾಯಕನನ್ನು ಕೊಡೋಣ’ ಎಂಬ ಉತ್ತರ ಬರುತ್ತದೆ, ಸಂಬಳ ಏರುವುದಿಲ್ಲ.

ಕೆಲಸ ಹೆಚ್ಚಾಗುವುದು ಬೇರೆ, ಹೊಣೆ ದೊಡ್ಡದಾಗುವುದು ಬೇರೆ. ಮೊದಲು ದಿನಕ್ಕೆ 40 ಬಿಲ್ ಮಾಡುತ್ತಿದ್ದವರು ಈಗ 60 ಮಾಡಿದರೆ ಅದು ಹೊರೆ. ಮೊದಲು ಇನ್ನೊಬ್ಬರು ತೆಗೆದುಕೊಳ್ಳುತ್ತಿದ್ದ ತೀರ್ಮಾನವನ್ನು ಈಗ ನೀವು ತೆಗೆದುಕೊಳ್ಳುತ್ತಿದ್ದರೆ, ತಪ್ಪಿದಾಗ ಫೋನು ನಿಮಗೇ ಬರುತ್ತಿದ್ದರೆ, ಅದು ಹುದ್ದೆ. ಪತ್ರದ ಮೊದಲ ಭಾಗ ಇದನ್ನು ಹೇಳಬೇಕು: ಎಷ್ಟು ಜನ ನನ್ನ ಕೈಕೆಳಗೆ ಬಂದರು, ಯಾವ ಕಾಗದಕ್ಕೆ ನನ್ನ ಸಹಿ ಬೀಳುತ್ತಿದೆ, ಯಾವ ಮೀಟಿಂಗಿಗೆ ಹಳೆಯ ಮ್ಯಾನೇಜರ್ ಬದಲು ನಾನು ಹೋಗುತ್ತಿದ್ದೇನೆ. ತಾರೀಖು ಸಮೇತ. ಏಪ್ರಿಲ್‌ನಲ್ಲಿ ಬಾಯಿಮಾತಿನಲ್ಲಿ ಬಂದ ಹೊಣೆ ಮೊದಲ ಬಾರಿಗೆ ದಾಖಲೆಯಾಗುವುದು ಇಲ್ಲಿಯೇ.

ಇನ್ನು ಫಲಿತಾಂಶಗಳು. ಹೆಚ್ಚಿನವರು ಎಡವುವುದು ಈ ಭಾಗದಲ್ಲಿ, ಅದೂ ಕಡಿಮೆ ಬರೆದು ಅಲ್ಲ, ಹೆಚ್ಚು ಬರೆದು. ಹತ್ತು ಹನ್ನೆರಡು ಸಾಧನೆಗಳ ಪಟ್ಟಿ ಕೊಟ್ಟರೆ ಓದುವವರ ಕಣ್ಣು ಅವುಗಳಲ್ಲಿ ತೀರ ಸಣ್ಣದರ ಮೇಲೇ ನಿಲ್ಲುತ್ತದೆ. ಮೂರು ಸಾಕು. ಆದರೆ ಪ್ರತಿಯೊಂದಕ್ಕೂ ಮೊದಲು ಎಷ್ಟಿತ್ತು, ಈಗ ಎಷ್ಟಿದೆ, ಯಾವ ಅವಧಿಯದು, ಆ ಅಂಕಿ ಕಂಪನಿಯ ಯಾವ ಪುಸ್ತಕದಲ್ಲಿ ಸಿಗುತ್ತದೆ ಎಂಬುದು ಬೇಕು.

ನಮ್ಮ ಉದಾಹರಣೆಯ ಹೆಣ್ಣುಮಗಳ ಬಳಿ ಒಂದು ಒಳ್ಳೆಯ ಅಂಕಿ ಇದೆ. ಮಾಲು ತಡವಾದಾಗ ಗ್ರಾಹಕರ ಲೈನು ನಿಲ್ಲಬಾರದೆಂದು ಸ್ಪೆಷಲ್ ಗಾಡಿ ಮಾಡಿ ಕಳಿಸುತ್ತಾರಲ್ಲ, ಆ ಖರ್ಚು ಹೋದ ವರ್ಷದ ಏಪ್ರಿಲ್–ಸೆಪ್ಟೆಂಬರ್‌ನಲ್ಲಿ 6.4 ಲಕ್ಷ ಇತ್ತು, ಈ ವರ್ಷ ಅದೇ ಆರು ತಿಂಗಳಲ್ಲಿ 3.1 ಲಕ್ಷ. ಉಳಿದದ್ದು 3.3 ಲಕ್ಷ. ಹಾಗೇ ಬರೆದುಬಿಡೋಣ ಅನ್ನಿಸುತ್ತದೆ. ಆದರೆ ಜೂನ್‌ನಿಂದ ಒಬ್ಬ ದೊಡ್ಡ ಗ್ರಾಹಕರು ತಮ್ಮದೇ ಗಾಡಿ ಕಳಿಸಿ ಮಾಲು ಒಯ್ಯುತ್ತಿದ್ದಾರೆ. ಹೋದ ವರ್ಷ ಅದೇ ತಿಂಗಳುಗಳಲ್ಲಿ ಅವರಿಗೆ ಸ್ಪೆಷಲ್ ಗಾಡಿಗೆಂದೇ 80 ಸಾವಿರ ಖರ್ಚಾಗಿತ್ತು. ಆ ಉಳಿತಾಯ ಇವಳದಲ್ಲ. ಫೈನಾನ್ಸ್‌ನಲ್ಲಿ ಕೂತವರಿಗೆ ಇದು ಗೊತ್ತಿರುತ್ತದೆ. ಪೂರ್ತಿ 3.3 ಲಕ್ಷ ಎಂದು ಬರೆದರೆ ಅವರು ಈ ಒಂದು ಅಂಕಿಯನ್ನಷ್ಟೇ ಅಲ್ಲ, ಉಳಿದೆರಡನ್ನೂ ಅನುಮಾನದಿಂದ ನೋಡತೊಡಗುತ್ತಾರೆ. ಕಳೆದು 2.5 ಲಕ್ಷ ಎಂದು ಬರೆದು, ಕಳೆದದ್ದನ್ನೂ ಹೇಳಿದರೆ ಉಳಿದ ಅಂಕಿಗಳನ್ನು ಯಾರೂ ಕೆದಕುವುದಿಲ್ಲ.

ಹಂಗಾಮಿನ ಮೋಸವೂ ಇಂಥದ್ದೇ. ಮಾರ್ಚ್‌ನಲ್ಲಿ ವರ್ಷದ ಗುರಿ ಮುಟ್ಟಲು ಎಲ್ಲ ಕಾರ್ಖಾನೆಗಳೂ ಒಂದೇ ಸಮನೆ ಮಾಲು ತಳ್ಳುತ್ತವೆ, ತಡವೂ ಗೊಂದಲವೂ ಆಗಲೇ ಹೆಚ್ಚು. ಆ ಮಾರ್ಚನ್ನು ಮುಂದಿನ ಜೂನ್‌ಗೆ ಹೋಲಿಸಿದರೆ ಯಾರ ಕೆಲಸವಾದರೂ ಚೆನ್ನಾಗಿಯೇ ಕಾಣುತ್ತದೆ. ಆದ್ದರಿಂದ ಹೋಲಿಕೆ ಹೋದ ವರ್ಷದ ಅದೇ ತಿಂಗಳುಗಳ ಜೊತೆಗೆ ಆಗಬೇಕು.

ಇಷ್ಟೆಲ್ಲ ಸೋಸಿದ ಮೇಲೆ ಪತ್ರ ಹೀಗೆ ನಿಂತೀತು. ಬೆಂಗಳೂರಿನ ಬಹುಪಾಲು ಕಚೇರಿಗಳಲ್ಲಿ ಇದು ಇಂಗ್ಲಿಷ್ ಮೇಲ್ ಆಗಿಯೇ ಹೋಗುತ್ತದೆ, ಇರಲಿ. ಒಳಗಿನ ಸರಕು ಇದೇ.

ವಿಷಯ: ಸ್ಟೋರ್ಸ್ ಮತ್ತು ಡಿಸ್‌ಪ್ಯಾಚ್ ಹೊಣೆಗೆ ತಕ್ಕಂತೆ ವೇತನ ಮತ್ತು ಹುದ್ದೆ ಪರಿಷ್ಕರಣೆ

ಮಾನ್ಯರೇ,

ಏಪ್ರಿಲ್ 1ರಿಂದ ತಮ್ಮ ಸೂಚನೆಯಂತೆ ಡಿಸ್‌ಪ್ಯಾಚ್ ಜೊತೆಗೆ ಸ್ಟೋರ್ಸ್ ವಿಭಾಗವನ್ನೂ ನಾನು ನೋಡಿಕೊಳ್ಳುತ್ತಿದ್ದೇನೆ. ನನಗೆ ವರದಿ ಮಾಡುವವರು 4 ಜನರಿಂದ 11 ಜನರಾಗಿದ್ದಾರೆ. ಸ್ಟಾಕ್ ವ್ಯತ್ಯಾಸದ ವರದಿಗೆ ಮತ್ತು ಸಾಗಣೆದಾರರ ಬಿಲ್ಲುಗಳಿಗೆ ಸಹಿ ಮಾಡುವ ಹೊಣೆ ನನ್ನದಾಗಿದೆ. ಸ್ಟೋರ್ಸ್ ಮ್ಯಾನೇಜರ್ ಹುದ್ದೆ ಈವರೆಗೆ ತುಂಬಿಲ್ಲ.

ಏಪ್ರಿಲ್–ಸೆಪ್ಟೆಂಬರ್ ಅವಧಿಯ ಫಲಿತಾಂಶ, ಹೋದ ವರ್ಷದ ಅದೇ ಅವಧಿಗೆ ಹೋಲಿಸಿ:

1. ಹೇಳಿದ ದಿನಕ್ಕೆ ಹೊರಟ ಆರ್ಡರ್‌ಗಳು 100ಕ್ಕೆ 78ರಿಂದ 93ಕ್ಕೆ ಏರಿವೆ (ಡಿಸ್‌ಪ್ಯಾಚ್ ರಿಜಿಸ್ಟರ್).

2. ಸೆಪ್ಟೆಂಬರ್ ಎಣಿಕೆಯಲ್ಲಿ ಸ್ಟಾಕ್ ವ್ಯತ್ಯಾಸ 4.2 ಲಕ್ಷ ರೂಪಾಯಿಯಿಂದ 90 ಸಾವಿರಕ್ಕೆ ಇಳಿದಿದೆ (ಲೆಕ್ಕಪತ್ರ ವಿಭಾಗದ ವರದಿ).

3. ಸ್ಪೆಷಲ್ ಗಾಡಿಗಳ ಖರ್ಚಿನಲ್ಲಿ 2.5 ಲಕ್ಷ ರೂಪಾಯಿ ಉಳಿದಿದೆ. ಒಬ್ಬ ಗ್ರಾಹಕರು ತಮ್ಮದೇ ಗಾಡಿ ಕಳಿಸುತ್ತಿರುವುದರಿಂದ ಉಳಿದ 80 ಸಾವಿರವನ್ನು ಇದರಲ್ಲಿ ಸೇರಿಸಿಲ್ಲ. ಸ್ಟೋರ್ಸ್ ತಂಡ ಪ್ರತಿ ಸಂಜೆ ಮರುದಿನದ ಮಾಲನ್ನು ಎತ್ತಿಡಲು ಶುರುಮಾಡಿದ್ದು ಇದಕ್ಕೆ ಮುಖ್ಯ ಕಾರಣ.

ಈ ಹೊಣೆಗೆ ತಕ್ಕಂತೆ ಹುದ್ದೆಯನ್ನು ಅಸಿಸ್ಟೆಂಟ್ ಮ್ಯಾನೇಜರ್ ಎಂದೂ, ಮಾಸಿಕ ವೇತನವನ್ನು 45,000ದಿಂದ 55,000 ರೂಪಾಯಿಗೂ ಅಕ್ಟೋಬರ್ 1ರಿಂದ ಅನ್ವಯವಾಗುವಂತೆ ಪರಿಷ್ಕರಿಸಬೇಕೆಂದು ಕೋರುತ್ತೇನೆ. ಈ ವಾರ ತಮಗೆ ಅನುಕೂಲವಾದ ದಿನ ಅರ್ಧ ಗಂಟೆ ಸಮಯ ಕೊಟ್ಟರೆ ವಿವರ ಮಾತನಾಡಬಹುದು.

ಪತ್ರ ಇಷ್ಟೇ. ಬಿಟ್ಟುಹೋದ ಮ್ಯಾನೇಜರ್ ಸಂಬಳವನ್ನು ಅವಳು ಬರೆದಿಲ್ಲ, ಗೊತ್ತಿದ್ದರೂ ಬರೆಯಬಾರದು. ಇನ್ನೊಬ್ಬರ ಸಂಬಳ ಪತ್ರದಲ್ಲಿ ಕಂಡರೆ ಚರ್ಚೆ ಅದರ ಕಡೆಗೇ ತಿರುಗುತ್ತದೆ. ‘ಹುದ್ದೆ ಈವರೆಗೆ ತುಂಬಿಲ್ಲ’ ಎಂಬ ಒಂದೇ ವಾಕ್ಯ ಸಾಕು. ಅವರ ಸಂಬಳ 80 ಸಾವಿರ ಇದ್ದಿದ್ದರೆ ಆರು ತಿಂಗಳಲ್ಲಿ 4.8 ಲಕ್ಷ ರೂಪಾಯಿ ಬಜೆಟ್ಟಿನಲ್ಲಿ ಹಾಗೇ ಉಳಿದಿರುತ್ತದೆ. ಅವಳು ಕೇಳುತ್ತಿರುವುದು ಮಾರ್ಚ್‌ವರೆಗಿನ ಆರು ತಿಂಗಳಿಗೆ 60 ಸಾವಿರ. ಈ ಲೆಕ್ಕ ಮ್ಯಾನೇಜರ್‌ಗೆ ತಾನಾಗಿ ಹೊಳೆಯುತ್ತದೆ, ಮೇಲಿನವರ ಮುಂದೆ ಅದನ್ನು ಹೇಳುವ ಹಕ್ಕೂ ಅವರದೇ. ಬೇರೆ ಕಂಪನಿಯ ಆಫರ್ ಕೈಯಲ್ಲಿದ್ದರೂ ಅದನ್ನು ಇಲ್ಲಿ ತರದಿರುವುದು ಲೇಸು. ತಂದರೆ, ನಿಜವಾಗಿ ಹೋಗಲು ತಯಾರಿರಬೇಕು.

ಮೊತ್ತ ಬರೆಯುವಾಗ ‘ಮಾಸಿಕ ವೇತನ’ವೋ ‘ಸಿಟಿಸಿ’ಯೋ ಎಂಬುದನ್ನು ಬಿಡಿಸಿ ಹೇಳದಿದ್ದರೆ ಆಮೇಲೆ ಬೇಸರವಾಗುತ್ತದೆ. ಸಿಟಿಸಿ ಅಂದರೆ ಕಂಪನಿಗೆ ತಗಲುವ ಒಟ್ಟು ವೆಚ್ಚ. ಸಿಟಿಸಿಯಲ್ಲಿ ತಿಂಗಳಿಗೆ 10 ಸಾವಿರ ಏರಿಸಿ, ಅದರಲ್ಲಿ ಅರ್ಧ ಮೂಲವೇತನ ಎಂದಿಟ್ಟರೆ, ಆ 5 ಸಾವಿರಕ್ಕೆ ಕಂಪನಿಯ ಪಾಲಿನ ಪಿಎಫ್ ಶೇಕಡ 12ರಂತೆ 600 ರೂಪಾಯಿ, ಗ್ರಾಚ್ಯುಟಿಗೆ ಸುಮಾರು 240 ರೂಪಾಯಿ ಅದರೊಳಗಿಂದಲೇ ಹೋಗುತ್ತದೆ. ನಿಮ್ಮ ಪಾಲಿನ ಪಿಎಫ್ ಇನ್ನೊಂದು 600. ಆದಾಯ ತೆರಿಗೆಗೆ ಮೊದಲೇ ಕೈಗೆ ಬರುವುದು 8,560 ರೂಪಾಯಿ. ಮೂಲವೇತನ ಎಷ್ಟೇ ಇದ್ದರೂ 15 ಸಾವಿರದ ಮಿತಿಗೇ ಪಿಎಫ್ ಕಟ್ಟುವ ಕಂಪನಿಗಳಲ್ಲಿ ಪಿಎಫ್ ಕಡಿತ ಬದಲಾಗುವುದಿಲ್ಲ. ಏರಿಕೆಯನ್ನು ‘ವೇರಿಯಬಲ್ ಪೇ’ಗೆ ಸೇರಿಸಿಬಿಟ್ಟರಂತೂ ಅದು ವರ್ಷದ ಕೊನೆಗೆ ಬಂದರೆ ಬಂತು.

ಒಂದೇ ಸಲದಲ್ಲಿ ‘ಆಯ್ತು’ ಎಂಬ ಉತ್ತರ ಅಪರೂಪ. ‘ಈಗ ಹುದ್ದೆಯ ಹೆಸರು ಕೊಡ್ತೀವಿ, ದುಡ್ಡು ಏಪ್ರಿಲ್‌ನಲ್ಲಿ’ ಅಂದರೆ ನನ್ನ ದೃಷ್ಟಿಯಲ್ಲಿ ಒಪ್ಪಿಕೊಳ್ಳಬಹುದು, ಆದರೆ ಏಪ್ರಿಲ್‌ನ ಮೊತ್ತವೂ ಅದೇ ಕಾಗದದಲ್ಲಿ ಇರಬೇಕು. ‘ಒಂದು ಬೋನಸ್ ಕೊಡ್ತೀವಿ’ ಎಂಬುದು ಬೇರೆ ಸಂಗತಿ. 60 ಸಾವಿರ ಒಟ್ಟಿಗೆ ಕೈಗೆ ಬಂದಾಗ ಸಂತೋಷವೇ. ಆದರೆ ಮುಂದಿನ ಇನ್‌ಕ್ರಿಮೆಂಟ್ ಲೆಕ್ಕ ಹಾಕುವುದು ಹಳೆಯ 45 ಸಾವಿರದ ಮೇಲೆಯೇ, ಏಪ್ರಿಲ್‌ನಿಂದ ಎರಡು ವಿಭಾಗಗಳ ಕೆಲಸವೂ ಅದೇ ಸಂಬಳಕ್ಕೆ. ‘ಬಜೆಟ್ ಇಲ್ಲ’ ಎಂಬ ಉತ್ತರ ಬಂದರೆ ಸ್ಟೋರ್ಸ್ ಮ್ಯಾನೇಜರ್ ಹುದ್ದೆಗೆ ಜಾಹೀರಾತು ಯಾವಾಗ ಎಂದು ಸಮಾಧಾನದಿಂದ ಕೇಳಬಹುದು. ಹುದ್ದೆ ತುಂಬುವುದಾದರೆ ಹೊರೆ ಇಳಿಯುತ್ತದೆ, ತುಂಬುವುದಿಲ್ಲವೆಂದರೆ ದುಡ್ಡು ಎಲ್ಲಿದೆ ಎಂಬುದು ಅವರ ಬಾಯಿಂದಲೇ ಬಂದಂತಾಯಿತು. ಮಾತು ಹೇಗೇ ಮುಗಿಯಲಿ, ಅದೇ ದಿನ ಸಂಜೆ ‘ಇವತ್ತು ಮಾತಾಡಿದಂತೆ’ ಎಂದು ಶುರುವಾಗುವ ನಾಲ್ಕು ಸಾಲಿನ ಮೇಲ್ ಹೋಗಬೇಕು. ಮಾರ್ಚ್‌ಗೆ ಮೊದಲು ಆ ಮ್ಯಾನೇಜರ್ ಕೂಡ ಕೆಲಸ ಬಿಟ್ಟರೆ ನಿಮ್ಮ ಬಳಿ ಉಳಿಯುವುದು ಅದೊಂದೇ.

ಹೆಚ್ಚಳ ಮಂಜೂರಾಗಿ ಪರಿಷ್ಕೃತ ವೇತನದ ಪತ್ರ ಕೈಗೆ ಬಂದಾಗ ಮೊತ್ತದ ಕೆಳಗಿನ ಸಾಲುಗಳನ್ನೂ ಓದಬೇಕು. ‘ಈ ಪರಿಷ್ಕರಣೆಯ ಕಾರಣ ಮುಂದಿನ ವಾರ್ಷಿಕ ಹೆಚ್ಚಳಕ್ಕೆ ಅರ್ಹತೆ ಇರುವುದಿಲ್ಲ’ ಎಂಬ ಸಾಲು ಕೆಲವೊಮ್ಮೆ ಅಲ್ಲಿ ಇರುತ್ತದೆ. ಆ ಸಾಲು ಇದ್ದರೆ ಅಕ್ಟೋಬರ್‌ನಲ್ಲಿ ಕೊಟ್ಟದ್ದು ಏಪ್ರಿಲ್‌ನ ಪಾಲನ್ನೇ ಆರು ತಿಂಗಳು ಮುಂಚೆ ಕೊಟ್ಟಂತೆ. ಅದನ್ನು ತೆಗೆಸಲು ಅಥವಾ ‘ವಾರ್ಷಿಕ ಹೆಚ್ಚಳ ಪ್ರತ್ಯೇಕ’ ಎಂದು ಬದಲಿಸಲು ಕೇಳಬೇಕಾದದ್ದು ಪತ್ರಕ್ಕೆ ಸಹಿ ಹಾಕಿ ಹಿಂತಿರುಗಿಸುವ ಮುಂಚೆ.