ಅಕೌಂಟೆಂಟ್ ಕೆಲಸಕ್ಕೆ ಇಮೇಲ್: ಆರು ಸಾಲಿನಲ್ಲಿ ಏನಿರಬೇಕು?

ಅಕೌಂಟೆಂಟ್ ಹುದ್ದೆಗೆ ಅರ್ಜಿ ಹಾಕುವವರು ರೆಸ್ಯೂಮ್ ಜೊತೆ ಕಳುಹಿಸುವ ಇಮೇಲ್‌ಗೆ ಇರುವುದು ಒಂದೇ ಕೆಲಸ: ಓದುವವರು ಲಗತ್ತಿಸಿದ ಫೈಲನ್ನು ತೆರೆಯುವಂತೆ ಮಾಡುವುದು. ಹತ್ತು ಹನ್ನೆರಡು ವರ್ಷ ಲೆಕ್ಕ ಬರೆದವರಿಗೆ ಇದು ಹೊಸಬರಿಗಿಂತ ಕಷ್ಟ. ಹೊಸಬರ ಬಳಿ ಹೇಳಲು ಹೆಚ್ಚೇನೂ ಇರುವುದಿಲ್ಲ, ಅನುಭವಿಗಳ ಬಳಿ ವಿಪರೀತ ಇರುತ್ತದೆ. ಹಾಗಾಗಿ ಅವರ ಇಮೇಲ್ ಒಂದೋ ಒಂದು ಪುಟದಷ್ಟು ಬೆಳೆಯುತ್ತದೆ, ಇಲ್ಲವೇ "ರೆಸ್ಯೂಮ್ ಲಗತ್ತಿಸಿದೆ, ದಯವಿಟ್ಟು ನೋಡಿ" ಎಂಬ ಒಂದೇ ಸಾಲಿಗೆ ಇಳಿಯುತ್ತದೆ. ಎರಡೂ ಉಪಯೋಗಕ್ಕೆ ಬಾರದು.

ಪೀಣ್ಯದಂಥ ಕೈಗಾರಿಕಾ ಪ್ರದೇಶದ ಬಿಡಿಭಾಗ ಕಾರ್ಖಾನೆಯೊಂದರಲ್ಲಿ ಅಕೌಂಟೆಂಟ್ ಆಗಿರುವವರು ಅದಕ್ಕಿಂತ ದೊಡ್ಡ ಕಂಪನಿಯ ಸೀನಿಯರ್ ಅಕೌಂಟೆಂಟ್ ಹುದ್ದೆಗೆ ಬರೆಯುತ್ತಿದ್ದಾರೆ ಎಂದುಕೊಳ್ಳೋಣ. ಸಾಮಾನ್ಯವಾಗಿ ಮೊದಲು ಹೊಳೆಯುವ ವಾಕ್ಯ ಹೀಗಿರುತ್ತದೆ: "ನನಗೆ ಟ್ಯಾಲಿ, ಜಿಎಸ್‌ಟಿ, ಟಿಡಿಎಸ್, ಪಿಎಫ್, ಇಎಸ್ಐ ಎಲ್ಲದರಲ್ಲೂ ಒಳ್ಳೆಯ ಅನುಭವವಿದೆ. ನಾನು ಪ್ರಾಮಾಣಿಕ ಹಾಗೂ ಪರಿಶ್ರಮಿ." ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಎರಡು ವರ್ಷ ಕೆಲಸ ಮಾಡಿದವರೂ ಇದನ್ನೇ ಬರೆಯುತ್ತಾರೆ. ಓದುವ ಫೈನಾನ್ಸ್ ಮ್ಯಾನೇಜರ್‌ಗೆ ತಿಳಿಯಬೇಕಾದದ್ದು ಬೇರೆ: ಎಷ್ಟು ಕೆಲಸವನ್ನು ಇವರು ಒಬ್ಬರೇ ಹೊತ್ತಿದ್ದಾರೆ, ಅದರಲ್ಲಿ ಏನನ್ನು ಸುಧಾರಿಸಿದ್ದಾರೆ, ಯಾವಾಗ ಬರಬಲ್ಲರು.

ಈ ಮೂರನ್ನೂ ಇಟ್ಟುಕೊಂಡು ಬರೆದರೆ ಅದೇ ಇಮೇಲ್ ಹೀಗಾಗುತ್ತದೆ:

"ಮಾನ್ಯರೇ,
ನಿಮ್ಮ ಜಾಹೀರಾತಿನಲ್ಲಿರುವ ಸೀನಿಯರ್ ಅಕೌಂಟೆಂಟ್ ಹುದ್ದೆಗೆ ಅರ್ಜಿ ಸಲ್ಲಿಸುತ್ತಿದ್ದೇನೆ. ಬಿಡಿಭಾಗ ತಯಾರಿಸುವ ಎರಡು ಕಂಪನಿಗಳಲ್ಲಿ ಒಟ್ಟು 11 ವರ್ಷಕ್ಕೂ ಹೆಚ್ಚು ಕಾಲ ಲೆಕ್ಕಪತ್ರ ನೋಡಿಕೊಂಡಿದ್ದೇನೆ. ಈಗಿನ ಕಂಪನಿಯಲ್ಲಿ ತಿಂಗಳಿಗೆ ಸುಮಾರು 900 ವೋಚರ್, ಜಿಎಸ್‌ಟಿ ಮತ್ತು ಟಿಡಿಎಸ್ ರಿಟರ್ನ್, ಬ್ಯಾಂಕಿಗೆ ಕೊಡುವ ಸ್ಟಾಕ್ ಸ್ಟೇಟ್‌ಮೆಂಟ್ ನನ್ನ ಜವಾಬ್ದಾರಿ, ಇಬ್ಬರು ಸಹಾಯಕರಿದ್ದಾರೆ. ಜಿಎಸ್‌ಟಿಆರ್-2ಬಿಗೆ ತಾಳೆಯಾಗದ ಖರೀದಿ ಬಿಲ್ಲುಗಳು ತಿಂಗಳಿಗೆ 40ರಷ್ಟಿದ್ದವು; ಸರಬರಾಜುದಾರರನ್ನು ಮೊದಲೇ ವಿಚಾರಿಸುವ ಪದ್ಧತಿ ತಂದ ಮೇಲೆ ಅವು ಹತ್ತರೊಳಗೆ ಇಳಿದಿವೆ. ನೋಟಿಸ್ ಅವಧಿ 60 ದಿನ. ರೆಸ್ಯೂಮ್ ಲಗತ್ತಿಸಿದ್ದೇನೆ."

ಕೆಳಗೆ ಪೂರ್ಣ ಹೆಸರು, ಮೊಬೈಲ್ ನಂಬರ್. ಅಷ್ಟೇ. ಕಂಪನಿಗಳಿಗೆ ಇಂಥ ಇಮೇಲ್ ಹೆಚ್ಚಾಗಿ ಇಂಗ್ಲಿಷಿನಲ್ಲೇ ಹೋಗುತ್ತದೆ. ಭಾಷೆ ಯಾವುದಾದರೂ ಹೇಳಬೇಕಾದ ವಿಷಯ ಇದೇ.

ಇದರಲ್ಲಿ ಅತಿ ಹೆಚ್ಚು ತೂಕವಿರುವುದು ತಾಳೆಯಾಗದ ಬಿಲ್ಲುಗಳ ಸಾಲಿಗೆ. ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವ ಮಾರಾಟಗಾರರು ತಮ್ಮ ಬಿಲ್ಲುಗಳನ್ನು ಮುಂದಿನ ತಿಂಗಳ 11ರೊಳಗೆ ಜಿಎಸ್‌ಟಿಆರ್-1ರಲ್ಲಿ ತೋರಿಸಬೇಕು. ಅದರ ಆಧಾರದ ಮೇಲೆ 14ರಂದು ಖರೀದಿದಾರರ ಜಿಎಸ್‌ಟಿಆರ್-2ಬಿ ತಯಾರಾಗುತ್ತದೆ. ಖರೀದಿದಾರರು 20ರೊಳಗೆ ಜಿಎಸ್‌ಟಿಆರ್-3ಬಿ ಸಲ್ಲಿಸಿ ತೆರಿಗೆ ಕಟ್ಟಬೇಕು. ಕಾರ್ಖಾನೆಯ ಪುಸ್ತಕದಲ್ಲಿ ಬಿಲ್ಲಿದ್ದರೂ 2ಬಿಯಲ್ಲಿ ಕಾಣದಿದ್ದರೆ ಅದರ ಇನ್‌ಪುಟ್ ಕ್ರೆಡಿಟ್ ಆ ತಿಂಗಳು ಸಿಗುವುದಿಲ್ಲ. ಅಷ್ಟು ತೆರಿಗೆಯನ್ನು ಕೈಯಿಂದ ಹಣ ಹಾಕಿ ಕಟ್ಟಬೇಕಾಗುತ್ತದೆ. ಆದ್ದರಿಂದ ಅನುಭವಿ ಅಕೌಂಟೆಂಟ್ 14ರವರೆಗೆ ಕಾದು ಕೂರುವುದಿಲ್ಲ, ತಿಂಗಳ ಮೊದಲ ವಾರದಲ್ಲೇ ಸರಬರಾಜುದಾರರಿಗೆ ಫೋನ್ ಮಾಡುತ್ತಾರೆ. ಜಿಎಸ್‌ಟಿ ಬರುತ್ತದೆ ಎಂದು ಎಲ್ಲಿಯೂ ಹೇಳಿಕೊಳ್ಳದೆಯೇ ಆ ಸಾಲು ಇಷ್ಟನ್ನೂ ತಿಳಿಸಿಬಿಡುತ್ತದೆ.

ಅಲ್ಲಿ "ಹತ್ತರೊಳಗೆ" ಎಂದಿರುವುದಕ್ಕೂ ಅರ್ಥವಿದೆ. ವರ್ಷಕ್ಕೆ 5 ಕೋಟಿ ರೂಪಾಯಿವರೆಗೆ ವಹಿವಾಟಿರುವ ಸರಬರಾಜುದಾರರು ಮೂರು ತಿಂಗಳಿಗೊಮ್ಮೆ ರಿಟರ್ನ್ ಕೊಡುವ ವ್ಯವಸ್ಥೆಯನ್ನು ಆರಿಸಿಕೊಳ್ಳಬಹುದು. ಅಂಥವರ ಕೆಲವು ಬಿಲ್ಲುಗಳು ಆಯಾ ತಿಂಗಳು 2ಬಿಯಲ್ಲಿ ಬಾರದೇ ಇರಬಹುದು. "ಒಂದೂ ಬಾಕಿ ಇಲ್ಲ" ಎಂದು ಬರೆದರೆ ವಿಷಯ ಬಲ್ಲವರಿಗೆ ಅನುಮಾನ ಬರುತ್ತದೆ, ಸಂದರ್ಶನದ ಮೊದಲ ಪ್ರಶ್ನೆ ಅದರ ಮೇಲೇ ಬೀಳುತ್ತದೆ. ನಿಜವಾದ ಸಂಖ್ಯೆ ಸಣ್ಣದಾದರೂ ಅದೇ ಮೇಲು.

ಹಣದ ಮೊತ್ತ ಬರೆಯುವಾಗ ಎಚ್ಚರ ಬೇಕು. ಈಗಿನ ಕಂಪನಿಯ ವಹಿವಾಟು, ಲಾಭ, ಬ್ಯಾಂಕ್ ಸಾಲದ ಮಿತಿ ಇವೆಲ್ಲ ಆ ಕಂಪನಿಯ ಗುಟ್ಟು. ಅವನ್ನು ಹೊರಗಿನವರಿಗೆ ಬರೆದ ಅಕೌಂಟೆಂಟ್ ನಾಳೆ ತಮ್ಮ ಲೆಕ್ಕವನ್ನೂ ಹೀಗೇ ಹೊರಹಾಕಬಹುದು ಎಂದು ಓದುವವರಿಗೆ ಅನಿಸುವುದು ಸಹಜ. ವೋಚರ್ ಎಷ್ಟು, ಬಿಲ್ ಎಷ್ಟು, ದಿನ ಎಷ್ಟು ಎಂದು ಹೇಳಿದರೆ ಕೆಲಸದ ಗಾತ್ರ ತಿಳಿಯುತ್ತದೆ, ಗುಟ್ಟೂ ಉಳಿಯುತ್ತದೆ. ಅದೇ ಕಾರಣಕ್ಕೆ ಆಫೀಸಿನ ಇಮೇಲ್ ವಿಳಾಸದಿಂದ ಅರ್ಜಿ ಕಳುಹಿಸಬಾರದು.

ಇನ್ನು ಇಮೇಲ್ ಮತ್ತು ರೆಸ್ಯೂಮ್ ಒಂದಕ್ಕೊಂದು ತಾಳೆಯಾಗಬೇಕು. ಮೊದಲ ಕಂಪನಿಯಲ್ಲಿ 4 ವರ್ಷ 9 ತಿಂಗಳು, ಎರಡನೆಯದರಲ್ಲಿ 6 ವರ್ಷ 8 ತಿಂಗಳು ಎಂದು ರೆಸ್ಯೂಮಿನ ತಾರೀಖುಗಳು ಹೇಳಿದರೆ ಮೊತ್ತ 11 ವರ್ಷ 5 ತಿಂಗಳು. ಇಮೇಲಿನಲ್ಲಿ "12 ವರ್ಷ" ಎಂದಿದ್ದರೆ ಬೇರೆ ಹುದ್ದೆಯಲ್ಲಿ ಯಾರೂ ತಲೆಕೆಡಿಸಿಕೊಳ್ಳಲಿಕ್ಕಿಲ್ಲ. ಲೆಕ್ಕದವರ ಅರ್ಜಿಯನ್ನು ಓದುವವರೂ ಲೆಕ್ಕದವರೇ. ಅವರು ಕೂಡಿಯೇ ಕೂಡುತ್ತಾರೆ. ಕೆಲಸದ ನಡುವೆ ಬಿಡುವಿದ್ದರೆ ಅದು ರೆಸ್ಯೂಮಿನಲ್ಲಿ ಕಾಣಲಿ. ಇಮೇಲಿನಲ್ಲಿ ಅದಕ್ಕೆ ಸಮಜಾಯಿಷಿ ಬೇಡ.

ನೋಟಿಸ್ ಅವಧಿ ಹೇಳುವಾಗ ಕ್ಯಾಲೆಂಡರ್ ನೋಡಿಕೊಳ್ಳುವುದು ಒಳ್ಳೆಯದು. ಮಾರ್ಚ್ 31ರ ವರ್ಷಾಂತ್ಯ ಅಥವಾ ಆಡಿಟ್ ನಡುವೆ ಬಿಟ್ಟುಬರುತ್ತೇನೆ ಎನ್ನುವವರನ್ನು ಹೊಸ ಕಂಪನಿಯೂ ಪೂರ್ತಿ ನಂಬುವುದಿಲ್ಲ. "ಆಡಿಟ್ ಮುಗಿಸಿಕೊಟ್ಟು ಬರಬಲ್ಲೆ" ಎಂಬ ಮಾತು ನಿಜವಿದ್ದರೆ ಸೇರಿಸಬಹುದು. ಸಂಬಳದ ವಿಷಯ ಜಾಹೀರಾತಿನಲ್ಲಿ ಕೇಳಿದ್ದರೆ ಮಾತ್ರ.

ವಿಷಯದ ಸಾಲಿನಲ್ಲಿ ಹುದ್ದೆಯ ಹೆಸರು ಮೊದಲು ಬರಬೇಕು, ಏಕೆಂದರೆ ಫೋನಿನಲ್ಲಿ ಆ ಸಾಲಿನ ಆರಂಭ ಮಾತ್ರ ಕಾಣುತ್ತದೆ. "ಸೀನಿಯರ್ ಅಕೌಂಟೆಂಟ್ ಹುದ್ದೆ, 11 ವರ್ಷ ಅನುಭವ" ಎಂದಿದ್ದರೆ ಸಾಕು. ಜಾಹೀರಾತಿನಲ್ಲಿ ಹುದ್ದೆಯ ಸಂಖ್ಯೆ ಕೊಟ್ಟಿದ್ದರೆ ಅದೂ ಇರಲಿ.

ರೆಸ್ಯೂಮ್ ಪಿಡಿಎಫ್ ಆಗಿರಲಿ, ಫೈಲಿನ ಹೆಸರಿನಲ್ಲಿ ಅರ್ಜಿದಾರರ ಹೆಸರಿರಲಿ. `Resume_final_new(3).pdf` ಎಂಬ ಹೆಸರಿನ ಫೈಲ್ ಡೌನ್‌ಲೋಡ್ ಆದ ಮೇಲೆ ಅದು ಯಾರದೆಂದು ತಿಳಿಯುವುದಿಲ್ಲ. ಮುದ್ರಿಸಿದ ಪ್ರತಿಯನ್ನು ಸ್ಕ್ಯಾನ್ ಮಾಡಿ ಕಳುಹಿಸುವುದು ಇನ್ನೊಂದು ತಪ್ಪು: ಅದು ಬರೀ ಚಿತ್ರ, ಅದರಲ್ಲಿ "ಜಿಎಸ್‌ಟಿ" ಎಂದು ಹುಡುಕಿದರೆ ಸಿಗದೇ ಹೋಗಬಹುದು. ಫೈಲ್ ತೆರೆದು ಒಂದು ಸಾಲನ್ನು ಮೌಸ್‌ನಿಂದ ಆಯ್ಕೆ ಮಾಡಲು ಬಂದರೆ ಅದು ಸರಿಯಾದ ಪಿಡಿಎಫ್. ಪ್ಯಾನ್, ಆಧಾರ್, ಪೇ ಸ್ಲಿಪ್‌ಗಳನ್ನು ಈ ಹಂತದಲ್ಲಿ ಲಗತ್ತಿಸಬಾರದು. ಕೆಲಸ ಖಚಿತವಾದ ಮೇಲೆ ಕೇಳುತ್ತಾರೆ, ಆಗ ಕೊಟ್ಟರಾಯಿತು.

ಬರೆಯುವ ಕ್ರಮವನ್ನೂ ತಿರುಗಿಸಿಕೊಂಡರೆ ಕ್ಷೇಮ: ಮೊದಲು ಫೈಲ್ ಲಗತ್ತಿಸಬೇಕು, ಆಮೇಲೆ ಇಮೇಲ್ ಬರೆಯಬೇಕು, ಕಂಪನಿಯ ವಿಳಾಸವನ್ನು ಕೊನೆಗೆ ಹಾಕಬೇಕು. ಆಗ ಅರ್ಧ ಬರೆದದ್ದು ಕೈತಪ್ಪಿ ಹೋಗುವುದಿಲ್ಲ, ರೆಸ್ಯೂಮ್ ಇಲ್ಲದ ಇಮೇಲೂ ಹೋಗುವುದಿಲ್ಲ. ಹತ್ತು ಕಂಪನಿಗಳ ವಿಳಾಸವನ್ನು ಒಟ್ಟಿಗೆ ಹಾಕಿ ಕಳುಹಿಸಿದರೆ ಎಲ್ಲರಿಗೂ ಎಲ್ಲರೂ ಕಾಣುತ್ತಾರೆ. ಒಂದೊಂದಕ್ಕೂ ಬೇರೆಯಾಗಿಯೇ ಕಳುಹಿಸಬೇಕು. ವಾರ ಕಳೆದರೂ ಉತ್ತರವಿಲ್ಲದಿದ್ದರೆ ಅದೇ ಇಮೇಲ್‌ಗೆ ರಿಪ್ಲೈ ಒತ್ತಿ ಎರಡು ಸಾಲಿನಲ್ಲಿ ಒಮ್ಮೆ ವಿಚಾರಿಸಬಹುದು. ರಿಪ್ಲೈಯಲ್ಲಿ ಹಳೆಯ ಲಗತ್ತು ತಾನಾಗಿ ಹೋಗುವುದಿಲ್ಲವಾದ್ದರಿಂದ ರೆಸ್ಯೂಮನ್ನು ಮತ್ತೆ ಸೇರಿಸಬೇಕು.